ಎಂಬತ್ತು ದಾಟಿದ ಮೇಲೆ ಚಾರ್ಜಿಂಗ್ ಯಾಕೆ ತೆವಳುತ್ತದೆ: ಮಂಗಳೂರು–ಬೆಂಗಳೂರು ದಾರಿಯ ಒಂದು ಲೆಕ್ಕ

ಬೆಳಿಗ್ಗೆ ಆರಕ್ಕೆ ಮಂಗಳೂರು ಬಿಟ್ಟು, ಶಿರಾಡಿ ಹತ್ತಿ, ಹಾಸನದ ಹೊರಗಿನ ಒಂದು ಚಾರ್ಜಿಂಗ್ ಸ್ಟೇಷನ್ ತಲುಪಿದಾಗ ನನ್ನ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯಲ್ಲಿ 32 ಪರ್ಸೆಂಟ್ ಉಳಿದಿತ್ತು. ಚಾರ್ಜಿಂಗ್ ಗನ್ ಸಿಕ್ಕಿಸಿ ತಿಂಡಿಗೆ ಹೋದೆವು. ಅರ್ಧ ಗಂಟೆಯೊಳಗೆ ವಾಪಸ್ ಬಂದು ನೋಡಿದರೆ 76. ಇಷ್ಟು ಬೇಗ ಏರುತ್ತದೆಯಾದರೆ ಪೂರ್ತಿ ತುಂಬಿಸಿಕೊಂಡೇ ಹೊರಡೋಣ, ಬೆಂಗಳೂರಿನ ತನಕ ನಿಶ್ಚಿಂತೆ ಅಂದುಕೊಂಡು ಕುಳಿತೆ. ಇದು ನನ್ನ ಮೊದಲ ದೂರದ ಪ್ರಯಾಣ.

ಹಿಂದೆ ಇನ್ನೊಂದು ಕಾರು ಬಂದು ನಿಂತಿತು. ಉಡುಪಿಯವರು. ಹಿಂದಿನ ಸೀಟಿನಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಸ್ವಲ್ಪ ಹೊತ್ತು ಕಾದು ಅವರು ಇಳಿದು ಬಂದರು.

"ಸರ್, ಇನ್ನೆಷ್ಟು ಹೊತ್ತು ಉಂಟು ನಿಮ್ಮದು?"

"ಈಗ 90 ಆಯ್ತು. ಇನ್ನು ಹತ್ತೇ ಪರ್ಸೆಂಟ್."

"ಆ ಹತ್ತಕ್ಕೆ ಮುಕ್ಕಾಲು ಗಂಟೆ ಬೇಕು ಮಾರಾಯ್ರೆ. ಅಷ್ಟರಲ್ಲಿ ನನ್ನದು ಇಪ್ಪತ್ತರಿಂದ ಎಂಬತ್ತು ಆಗ್ತದೆ."

ಸಿಟ್ಟಿನಿಂದ ಹೇಳಿದ ಮಾತಲ್ಲ. ನಾನು ಚಾರ್ಜರ್‌ನ ಪರದೆ ನೋಡಿದೆ. ಬಂದಾಗ 48 ಕಿಲೋವ್ಯಾಟ್ ತೋರಿಸುತ್ತಿದ್ದ ಚಾರ್ಜಿಂಗ್ ವೇಗ ಈಗ 9ಕ್ಕೆ ಇಳಿದಿತ್ತು. ಗನ್ ತೆಗೆದು ಜಾಗ ಬಿಟ್ಟುಕೊಟ್ಟೆ. ಅವರು ಹೇಳಿದ ಲೆಕ್ಕ ಸರಿಯಾಗಿತ್ತು ಎಂದು ಗೊತ್ತಾದದ್ದು ಆಮೇಲೆ, ಪ್ರತಿ ಸಲ ಚಾರ್ಜ್ ಮಾಡುವಾಗ ಎಷ್ಟು ಪರ್ಸೆಂಟಿಗೆ ಎಷ್ಟು ಕಿಲೋವ್ಯಾಟ್ ಹೋಗುತ್ತಿದೆ ಎಂದು ಬರೆದಿಡಲು ಶುರು ಮಾಡಿದ ನಂತರ.

ನನ್ನ ಕಾರಿನ ಬ್ಯಾಟರಿ 45 ಕಿಲೋವ್ಯಾಟ್ ಅವರ್. ಕಿಲೋವ್ಯಾಟ್ ಅವರ್ ಎಂದರೆ ಮನೆಯ ಕರೆಂಟ್ ಬಿಲ್ಲಿನ ಯೂನಿಟ್ಟೇ, ಹಾಗಾಗಿ ಇಲ್ಲಿಂದ ಮುಂದೆ ಯೂನಿಟ್ ಎನ್ನುತ್ತೇನೆ. ಹತ್ತು ಪರ್ಸೆಂಟ್ ಎಂದರೆ ನಾಲ್ಕೂವರೆ ಯೂನಿಟ್. 60 ಕಿಲೋವ್ಯಾಟ್‌ನ ಚಾರ್ಜರ್‌ನಲ್ಲಿ ಕಾರು 20ರಿಂದ 50 ಪರ್ಸೆಂಟ್ ತನಕ ಸುಮಾರು 48 ಕಿಲೋವ್ಯಾಟ್ ಎಳೆಯುತ್ತದೆ. 50ರಿಂದ 70ರ ತನಕ ಸರಾಸರಿ 40, ಅಲ್ಲಿಂದ 80ರ ತನಕ 30. ಎಂಬತ್ತು ದಾಟಿದ ಕೂಡಲೇ 16ಕ್ಕೆ ಬೀಳುತ್ತದೆ. 90ರಿಂದ 95ರ ತನಕ 9, ಕೊನೆಯ ಐದು ಪರ್ಸೆಂಟಿಗೆ ಬರೀ 5.

ಇದನ್ನು ನಿಮಿಷಕ್ಕೆ ತಿರುಗಿಸಿದರೆ 20ರಿಂದ 80ಕ್ಕೆ ಏರಲು, ಅಂದರೆ 27 ಯೂನಿಟ್ ತುಂಬಲು, 40 ನಿಮಿಷ ಸಾಕು. 80ರಿಂದ 100ಕ್ಕೆ ಬರೀ 9 ಯೂನಿಟ್, ಅದಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಒಂದು ಗಂಟೆ. ಈ ಏರಿಳಿತವನ್ನು ಕಾಗದದ ಮೇಲೆ ಗೆರೆಯಾಗಿ ಎಳೆದರೆ ಅದೇ ಚಾರ್ಜಿಂಗ್ ಕರ್ವ್. ನಿಮ್ಮ ಕಾರಿನ ಅಂಕಿಗಳು ಬೇರೆ ಇರುತ್ತವೆ, ಆದರೆ ಗೆರೆ ಕೊನೆಯಲ್ಲಿ ಹೀಗೆ ಬೀಳುವುದು ಎಲ್ಲ ಕಾರುಗಳಲ್ಲೂ ಉಂಟು.

ಹಲವರು ಇದಕ್ಕೆ ಚಾರ್ಜರನ್ನು ಬೈಯುತ್ತಾರೆ. ಚಾರ್ಜರ್‌ಗೆ ಇದರಲ್ಲಿ ಹೇಳುವ ಮಾತೇ ಇಲ್ಲ. ಗನ್ ಸಿಕ್ಕಿಸಿದ ಮೇಲೆ ಕಾರಿನೊಳಗಿನ ಬ್ಯಾಟರಿ ನಿಯಂತ್ರಕ, ಎಲ್ಲರೂ ಬಿಎಂಎಸ್ ಎನ್ನುವುದು ಅದನ್ನೇ, ಪ್ರತಿ ಕ್ಷಣ ಚಾರ್ಜರ್‌ಗೆ ತನಗೆ ಇಷ್ಟು ಕರೆಂಟ್ ಬೇಕು ಎಂದು ಹೇಳುತ್ತಿರುತ್ತದೆ. ತನ್ನ ಮಿತಿಯೊಳಗೆ ಚಾರ್ಜರ್ ಅಷ್ಟನ್ನೇ ಕೊಡುತ್ತದೆ. ನಿಧಾನ ಮಾಡುವುದು ಕಾರು. ಯಾಕೆ ಮಾಡುತ್ತದೆ ಎಂಬುದನ್ನು ತಿಳಿಯಲು ಒಂದು ಸೆಲ್‌ನ ಒಳಗೆ ಹೋಗಬೇಕು.

ಲಿಥಿಯಂ ಸೆಲ್‌ನ ಒಂದು ಬದಿಯಲ್ಲಿ ಗ್ರಾಫೈಟ್ ಇರುತ್ತದೆ. ಪೆನ್ಸಿಲ್ ಕಡ್ಡಿಯಲ್ಲಿರುವ ಅದೇ ವಸ್ತು. ಅದು ಪದರ ಪದರವಾಗಿರುತ್ತದೆ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಎದುರು ಬದಿಯಿಂದ ಹೊರಟು, ನಡುವಿನ ದ್ರವವನ್ನು ದಾಟಿ ಬಂದು, ಈ ಪದರಗಳ ಸಂದಿಯಲ್ಲಿ ಕೂರುತ್ತವೆ. ಆರು ಇಂಗಾಲದ ಪರಮಾಣುಗಳಿಗೆ ಒಂದು ಲಿಥಿಯಂ ಕುಳಿತರೆ ಗ್ರಾಫೈಟ್ ತುಂಬಿದಂತೆ. ಆದರೆ ಅವು ನೇರವಾಗಿ ಮಧ್ಯಕ್ಕೆ ಹೋಗಿ ಕೂರುವುದಿಲ್ಲ. ಗ್ರಾಫೈಟ್ ಕಣದ ಅಂಚಿನಲ್ಲಿ ಒಳಗೆ ಹೊಕ್ಕು, ಅಲ್ಲಿಂದ ನಿಧಾನವಾಗಿ ಸರಿದು ಒಳಗೆ ಜಾಗ ಹುಡುಕಬೇಕು.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತ ಖಾಲಿ ಸಿಟಿ ಬಸ್ಸನ್ನು ನೆನೆಸಿಕೊಳ್ಳಿ. ಮೊದಲ ಇಪ್ಪತ್ತು ಜನ ಹತ್ತಿದ್ದೇ ಗೊತ್ತಾಗುವುದಿಲ್ಲ, ಸೀದಾ ಬಂದು ಕೂರುತ್ತಾರೆ. ಸೀಟು ತುಂಬಿ ಜನ ನಿಲ್ಲಲು ಶುರುವಾದ ಮೇಲೆ ಕಂಡಕ್ಟರ್ "ಹಿಂದೆ ಹೋಗಿ, ಹಿಂದೆ ಹೋಗಿ" ಎಂದು ಕೂಗುತ್ತಲೇ ಇರಬೇಕು. ಒಳಗಿನವರು ಸರಿದ ಹೊರತು ಬಾಗಿಲಲ್ಲಿರುವವರಿಗೆ ಜಾಗವಿಲ್ಲ. ಬಸ್ಸಿನ ಹಿಂಭಾಗದಲ್ಲಿ ಇನ್ನೂ ಹತ್ತು ಜನರಿಗೆ ಸ್ಥಳ ಇರಬಹುದು, ಆದರೂ ಹತ್ತುವ ವೇಗವನ್ನು ನಿರ್ಧರಿಸುವುದು ಬಾಗಿಲಿನ ಹತ್ತಿರದ ಒತ್ತಡ. ಗ್ರಾಫೈಟ್‌ನಲ್ಲೂ ಇದೇ ಆಗುತ್ತದೆ. ಮುಕ್ಕಾಲು ಭಾಗ ತುಂಬಿದ ಮೇಲೆ ಅಂಚಿನಲ್ಲಿ ಗಿಜಿಗುಡುತ್ತದೆ. ಅಯಾನುಗಳು ಒಳಗೆ ಸರಿಯುವುದಕ್ಕಿಂತ ಬೇಗ ಹೊಸಬರನ್ನು ತಳ್ಳಿದರೆ ಅವು ಬಾಗಿಲ ಹೊರಗೇ ಉಳಿಯುತ್ತವೆ.

ಬಸ್ಸಿನ ಹೋಲಿಕೆ ಕೆಲಸ ಮಾಡುವುದು ಇಲ್ಲಿಯ ತನಕ ಮಾತ್ರ. ಫುಟ್‌ಬೋರ್ಡಿನಲ್ಲಿ ನಿಂತವರು ಮುಂದಿನ ಸ್ಟಾಪಿನಲ್ಲಿ ಒಳಗೆ ಬರಬಹುದು. ಹೊರಗುಳಿದ ಅಯಾನುಗಳು ಮಾತ್ರ ಗ್ರಾಫೈಟ್‌ನ ಮೇಲ್ಮೈಯಲ್ಲಿ ಲೋಹವಾಗಿ ಅಂಟಿಕೊಳ್ಳುತ್ತವೆ. ಇದಕ್ಕೆ ಲಿಥಿಯಂ ಪ್ಲೇಟಿಂಗ್ ಎನ್ನುತ್ತಾರೆ, ಪಾತ್ರೆಗೆ ಕಲಾಯಿ ಹಾಕಿದ ಹಾಗೆ ಒಂದು ಲೇಪ. ಆ ಲೋಹದ ಒಂದು ಪಾಲು ಮತ್ತೆ ಕೆಲಸಕ್ಕೆ ಬರುವುದಿಲ್ಲ, ಅಷ್ಟರಮಟ್ಟಿಗೆ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಹೋಯಿತು. ಇನ್ನೊಂದು ಪಾಲು ಸೂಜಿಯಂತೆ ಬೆಳೆದು, ಎರಡು ಬದಿಗಳ ನಡುವಿನ ತೆಳು ಪರದೆಯನ್ನು ಚುಚ್ಚಿದರೆ ಸೆಲ್ ಒಳಗೇ ಶಾರ್ಟ್ ಆಗುವ ಅಪಾಯ ಇರುತ್ತದೆ. ಕಾರು ತಾನಾಗಿ ನಿಧಾನ ಮಾಡಿಕೊಳ್ಳುವುದಕ್ಕೆ ದೊಡ್ಡ ಕಾರಣ ಇದು. ಎಂಬತ್ತರ ನಂತರದ ಆ ಕಿರಿಕಿರಿ ನಿಮ್ಮ ಬ್ಯಾಟರಿಯ ಆಯುಸ್ಸನ್ನು ಕಾಯುತ್ತಿದೆ.

ಎರಡನೆಯ ಕಾರಣ ವೋಲ್ಟೇಜ್. ಪ್ರತಿ ಸೆಲ್‌ಗೂ ದಾಟಬಾರದ ಒಂದು ಮೇಲಿನ ಗೆರೆ ಇದೆ. ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಸೆಲ್‌ಗಳಿಗೆ ಅದು ಸಾಮಾನ್ಯವಾಗಿ 4.2 ವೋಲ್ಟ್. ಸೆಲ್ ತುಂಬುತ್ತ ಹೋದಂತೆ ಅದರ ಸ್ವಂತ ವೋಲ್ಟೇಜ್ ಏರುತ್ತದೆ. ಅದರ ಮೇಲೆ ಕರೆಂಟನ್ನು ಒಳಗೆ ತಳ್ಳಲು ಇನ್ನಷ್ಟು ವೋಲ್ಟೇಜ್ ಬೇಕು, ಹೆಚ್ಚು ಕರೆಂಟಿಗೆ ಹೆಚ್ಚು. ಎಂಬತ್ತು ಪರ್ಸೆಂಟಿನಲ್ಲಿ ಸೆಲ್ ತಾನೇ ಸುಮಾರು 4 ವೋಲ್ಟಿನಲ್ಲಿ ಕುಳಿತಿರುತ್ತದೆ, ತಳ್ಳಲು ಉಳಿದಿರುವುದು 0.2 ವೋಲ್ಟ್. ಅದು 4.15 ತಲುಪಿದಾಗ ಉಳಿಯುವುದು 0.05, ಮೊದಲಿನ ಕಾಲು ಭಾಗ. ತಳ್ಳುವ ಜಾಗ ಕಾಲು ಭಾಗವಾದರೆ ಕರೆಂಟೂ ಹೆಚ್ಚುಕಡಿಮೆ ಕಾಲು ಭಾಗ. ಕೊನೆಯ ಪರ್ಸೆಂಟುಗಳು ಆಮೆಯಂತೆ ಹೋಗುವುದು ಇದಕ್ಕೆ.

ಇದರ ಜೊತೆಗೆ ಇನ್ನೊಂದು ತೊಡಕು. ಕಾರಿನ ಬ್ಯಾಟರಿಯಲ್ಲಿ ಸುಮಾರು ನೂರು ಸೆಲ್‌ಗಳು ಒಂದರ ಹಿಂದೆ ಒಂದು ಸಾಲಾಗಿ ಇರುತ್ತವೆ, ಎಲ್ಲದರಲ್ಲೂ ಹರಿಯುವುದು ಒಂದೇ ಕರೆಂಟ್. ನೂರೂ ಒಂದೇ ಸಮ ಇರುವುದಿಲ್ಲ. ಯಾವುದು ಮೊದಲು ಮೇಲಿನ ಗೆರೆ ಮುಟ್ಟುತ್ತದೋ ಅದು ಉಳಿದ ತೊಂಬತ್ತೊಂಬತ್ತನ್ನೂ ತಡೆಯುತ್ತದೆ. ಕೊನೆಯಲ್ಲಿ ಬಿಎಂಎಸ್ ಇವನ್ನು ಸರಿದೂಗಿಸುತ್ತ ಕೂರಬೇಕಾಗುತ್ತದೆ.

ನಮ್ಮಲ್ಲಿ ಓಡುವ ಹಲವು ಕಾರುಗಳಲ್ಲಿ ಇರುವುದು ಎಲ್‌ಎಫ್‌ಪಿ ಸೆಲ್, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಅದರ ಮೇಲಿನ ಗೆರೆ 3.65 ವೋಲ್ಟ್, ಮತ್ತು ಅದರ ವೋಲ್ಟೇಜ್ ಬಹಳ ಹೊತ್ತು ಸಮತಟ್ಟಾಗಿದ್ದು ಕೊನೆಯಲ್ಲಿ ಒಮ್ಮೆಲೇ ಏರುತ್ತದೆ. ಹಾಗಾಗಿ ವೋಲ್ಟೇಜಿನ ತಡೆ ಅದಕ್ಕೆ ತಡವಾಗಿ ಬರುತ್ತದೆ. ಆದರೆ ಗ್ರಾಫೈಟ್ ಬದಿ ಎರಡರಲ್ಲೂ ಒಂದೇ, ಆದ್ದರಿಂದ ಬಾಗಿಲಿನ ಒತ್ತಡದಿಂದ ಎಲ್‌ಎಫ್‌ಪಿಗೂ ಬಿಡುಗಡೆ ಇಲ್ಲ.

ಎಂಬತ್ತು ಎನ್ನುವ ಅಂಕಿಯಲ್ಲಿ ಮಾತ್ರ ಯಾವ ವಿಶೇಷವೂ ಇಲ್ಲ. ಕೆಲವು ಕಾರು ಐವತ್ತರಿಂದಲೇ ಮೆಟ್ಟಿಲು ಇಳಿದ ಹಾಗೆ ಕರೆಂಟ್ ಕಡಿಮೆ ಮಾಡುತ್ತವೆ, ಕೆಲವು ಎಂಬತ್ತೈದರ ತನಕ ಗಟ್ಟಿಯಾಗಿ ಎಳೆಯುತ್ತವೆ. ಕಂಪೆನಿಗಳು 10ರಿಂದ 80ಕ್ಕೆ ಇಷ್ಟು ನಿಮಿಷ ಎಂದು ಜಾಹೀರಾತು ಕೊಡುವುದರಿಂದ ಆ ಅಂಕಿ ಎಲ್ಲರ ಬಾಯಲ್ಲಿ ನಿಂತಿದೆ. ನಿಮ್ಮ ಕಾರಿನ ತಿರುವು ಎಲ್ಲಿದೆ ಎಂದು ತಿಳಿಯಲು ಒಂದು ಬಿಡುವಿನ ದಿನ, ಹಿಂದೆ ಯಾರೂ ಕಾಯದಿರುವಾಗ, 20ರಿಂದ 90ರ ತನಕ ಚಾರ್ಜ್ ಮಾಡಿ ಪ್ರತಿ ಐದು ಪರ್ಸೆಂಟಿಗೊಮ್ಮೆ ಪರದೆಯ ಕಿಲೋವ್ಯಾಟ್ ಬರೆದುಕೊಳ್ಳಿ. ಒಂದೇ ಸಲ ಮಾಡಿದರೆ ಸಾಕು, ಮುಂದಿನ ಎಲ್ಲ ಪ್ರಯಾಣಕ್ಕೂ ಆ ಚೀಟಿ ಬರುತ್ತದೆ.

ಮನೆಯಲ್ಲಿ ಚಾರ್ಜ್ ಮಾಡುವಾಗ ಈ ನಿಧಾನ ನಮಗೆ ಯಾಕೆ ಕಾಣುವುದಿಲ್ಲ ಎಂದು ನನ್ನನ್ನು ಕೇಳಿದವರುಂಟು. ಮನೆಯ ಚಾರ್ಜರ್ 7.2 ಕಿಲೋವ್ಯಾಟ್. ಬಸ್ಸಿಗೆ ಒಬ್ಬೊಬ್ಬರೇ ಹತ್ತಿದ ಹಾಗೆ ಅದು. ಅಷ್ಟು ಕಡಿಮೆ ಕರೆಂಟಿಗೆ 95ರ ತನಕವೂ ಬಾಗಿಲಲ್ಲಿ ಒತ್ತಡ ಆಗುವುದಿಲ್ಲ. ನನ್ನ ಕಾರು ಮನೆಯಲ್ಲಿ 80ರಿಂದ 100ಕ್ಕೆ ಏರಲು ಸುಮಾರು 80 ನಿಮಿಷ ತೆಗೆದುಕೊಳ್ಳುತ್ತದೆ. ಹೆದ್ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ 60 ನಿಮಿಷ. ಅಂದರೆ ಆ ಕೊನೆಯ ಇಪ್ಪತ್ತಕ್ಕೆ ಫಾಸ್ಟ್ ಚಾರ್ಜರ್ ಹೆಸರಿಗಷ್ಟೇ ಫಾಸ್ಟ್. ನೂರು ತುಂಬಿಸುವ ಕೆಲಸವನ್ನು ರಾತ್ರಿ ಮನೆಗೆ ಬಿಡಬೇಕು, ದಾರಿಯಲ್ಲಿ ಮಾಡಬಾರದು.

ಈಗ ದಾರಿಗೆ ಬರೋಣ. ದಾರಿಯಲ್ಲಿ ಪರ್ಸೆಂಟಿಗಿಂತ ಉಪಯೋಗಕ್ಕೆ ಬರುವ ಅಳತೆ ಒಂದಿದೆ: ಒಂದು ನಿಮಿಷ ನಿಂತರೆ ಎಷ್ಟು ಕಿಲೋಮೀಟರ್ ಸಿಗುತ್ತದೆ? ನನ್ನ ಕಾರು ಹೆದ್ದಾರಿಯಲ್ಲಿ 80ರ ವೇಗದಲ್ಲಿ ನೂರು ಕಿಲೋಮೀಟರಿಗೆ 15 ಯೂನಿಟ್ ತಿನ್ನುತ್ತದೆ. 48 ಕಿಲೋವ್ಯಾಟ್ ಹೋಗುತ್ತಿರುವಾಗ ನಿಮಿಷಕ್ಕೆ ಐದು ಕಿಲೋಮೀಟರಿಗೂ ಹೆಚ್ಚು ಸಿಗುತ್ತದೆ. ಎಂಬತ್ತು ದಾಟಿ 16ಕ್ಕೆ ಇಳಿದಾಗ ಎರಡು ಕಿಲೋಮೀಟರಿಗೂ ಕಡಿಮೆ. ಕೊನೆಯ ಐದು ಪರ್ಸೆಂಟಿನಲ್ಲಿ ಅರ್ಧ ಕಿಲೋಮೀಟರ್ ಚಿಲ್ಲರೆ. ಕಾರು ಓಡುವಾಗ ನಿಮಿಷಕ್ಕೆ ಒಂದೂ ಕಾಲು ಕಿಲೋಮೀಟರಿಗೂ ಚೂರು ಹೆಚ್ಚೇ ಹೋಗುತ್ತದೆ ಎನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. ಆ ಕೊನೆಯ ಹಂತದಲ್ಲಿ ಎರಡು ನಿಮಿಷ ನಿಂತು ಗಳಿಸಿದ್ದನ್ನು ಒಂದು ನಿಮಿಷದಲ್ಲಿ ಓಡಿಸಿ ಮುಗಿಸುತ್ತೇವೆ.

ಮಂಗಳೂರಿನಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 350 ಕಿಲೋಮೀಟರ್. ಬಿ.ಸಿ. ರೋಡ್, ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ, ಆಮೇಲೆ ಶಿರಾಡಿ ಘಾಟಿ, ಸಕಲೇಶಪುರ, ಹಾಸನ. ಹಾಸನಕ್ಕೆ ಸುಮಾರು 170. ಸಮತಟ್ಟಾದ ದಾರಿಯಾಗಿದ್ದರೆ ಅದಕ್ಕೆ ಇಪ್ಪತ್ತೈದೂವರೆ ಯೂನಿಟ್. ಆದರೆ ನಾವು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲೆ ಹೋಗಬೇಕು. ಜನ, ಸಾಮಾನು ಸೇರಿ ಕಾರಿನ ತೂಕ 1,700 ಕಿಲೋ ಎಂದಿಟ್ಟುಕೊಂಡರೆ, ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದದ್ದು 4.4 ಯೂನಿಟ್. ಮೋಟಾರಿನಲ್ಲಿ ಪೋಲಾಗುವುದು ಸೇರಿದರೆ ಐದು. ಶಿರಾಡಿಯೊಂದಕ್ಕೇ 11 ಪರ್ಸೆಂಟ್ ಬೇರೆಯಾಗಿ ಎತ್ತಿಡಬೇಕು ಎಂದಾಯಿತು. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಕಿಲೋಮೀಟರ್ ಅಂದಾಜು ಹಿಂದಿನ ಓಟದ ಮೇಲೆ ನಿಂತದ್ದು, ಮುಂದೆ ಘಾಟಿ ಬರುತ್ತದೆ ಎಂದು ಅದು ಬಹುತೇಕ ಲೆಕ್ಕ ಹಾಕಿರುವುದಿಲ್ಲ. ಬಿ.ಸಿ. ರೋಡಿನಲ್ಲಿ ಧೈರ್ಯ ಕೊಟ್ಟ ಅಂಕಿ ದೋಣಿಗಾಲಿನಲ್ಲಿ ಕೈಕೊಡುವುದು ಹೀಗೆ.

ಒಟ್ಟು ಮೂವತ್ತೂವರೆ ಯೂನಿಟ್, ಅಂದರೆ 68 ಪರ್ಸೆಂಟ್. ಮನೆಯಲ್ಲಿ ನೂರು ತುಂಬಿಸಿ ಹೊರಟರೆ ಹಾಸನದಲ್ಲಿ 32 ಉಳಿಯುತ್ತದೆ. ಹಾಸನದಿಂದ ಬೆಂಗಳೂರಿಗೆ ಸುಮಾರು 180–185 ಕಿಲೋಮೀಟರ್, ಎತ್ತರದಲ್ಲಿ ಹೆಚ್ಚಿನ ವ್ಯತ್ಯಾಸ ಇಲ್ಲ. 28 ಯೂನಿಟ್ ಬೇಕು, 62 ಪರ್ಸೆಂಟ್. ನೆಲಮಂಗಲದ ಜಾಮ್, ಎಸಿ, ದಾರಿ ತಪ್ಪುವುದು, ಇವಕ್ಕೆಲ್ಲ 13 ಪರ್ಸೆಂಟ್ ಕೈಯಲ್ಲಿರಲಿ. ಹಾಸನದಿಂದ 75 ಪರ್ಸೆಂಟಿನಲ್ಲಿ ಹೊರಟರೆ ಸಾಕು.

32ರಿಂದ 75ಕ್ಕೆ ನನ್ನ ಕಾರಿಗೆ 28 ನಿಮಿಷ. ನೂರರ ತನಕ ಕಾದಿದ್ದರೆ ಒಂದೂವರೆ ಗಂಟೆ. ಆ ದಿನ ತಿಂಡಿ ತಿಂದು ಬಂದಾಗ ಪರದೆಯಲ್ಲಿ 76 ಇತ್ತಲ್ಲ, ಆಗಲೇ ಕೈ ಬೀಸಿ ಹೊರಟುಬಿಡಬಹುದಿತ್ತು. ಬೇಕಾದದ್ದು ಎಷ್ಟು ಎಂದು ಮೊದಲೇ ಲೆಕ್ಕ ಹಾಕಿರಲಿಲ್ಲ, ಹಾಗಾಗಿ ತುಂಬಿದ ಬ್ಯಾಟರಿಯೇ ನನಗೆ ಧೈರ್ಯ ಆಯಿತು. ಬಿಲ್ಲಿನಲ್ಲೂ ಈ ತಪ್ಪು ಕಾಣುವುದಿಲ್ಲ. ನಾನು ಹೋಗುವ ಕಡೆಗಳಲ್ಲೆಲ್ಲ ಹಣ ಯೂನಿಟ್ ಲೆಕ್ಕದಲ್ಲಿ, ಕೊನೆಯ ಯೂನಿಟ್ಟಿಗೂ ಮೊದಲಿನದ್ದಕ್ಕೂ ಒಂದೇ ದರ. ಹೋಗುವುದು ಹೊತ್ತು, ನಮ್ಮದು ಮತ್ತು ಹಿಂದೆ ನಿಂತವರದ್ದು.

ವೇಗ ಹೆಚ್ಚಿಸಿದರೆ ಏನಾಗುತ್ತದೆ ಎನ್ನುವುದನ್ನೂ ಇದೇ ಲೆಕ್ಕಕ್ಕೆ ಹಾಕಿ ನೋಡಿದೆ. 80ರ ಬದಲು 100ರಲ್ಲಿ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಮಿಗಿಲಾಗುತ್ತದೆ, ನನ್ನ ಕಾರು ನೂರು ಕಿಲೋಮೀಟರಿಗೆ 19 ಯೂನಿಟ್ ತಿನ್ನುತ್ತದೆ. ಹಾಸನದಿಂದ ಬೆಂಗಳೂರಿಗೆ ಆಗ 78 ಪರ್ಸೆಂಟ್ ಬೇಕು, ಕೈಕಾಸು ಸೇರಿ 90ರಲ್ಲಿ ಹೊರಡಬೇಕು. 75ರಿಂದ 90ಕ್ಕೆ ಇನ್ನೂ 21 ನಿಮಿಷ ಹಾಸನದಲ್ಲೇ ಹೋಯಿತು. ದಾರಿಯುದ್ದಕ್ಕೂ ಒಂದೇ ಸಮ ಆ ವೇಗದಲ್ಲಿ ಓಡಿಸಲು ಸಾಧ್ಯವಾದರೆ ಉಳಿಯುವುದು 28 ನಿಮಿಷ. ಚನ್ನರಾಯಪಟ್ಟಣದಿಂದ ಕುಣಿಗಲ್ ತನಕದ ಟೋಲು, ಲಾರಿ, ಊರುಗಳ ನಡುವೆ ಅಷ್ಟು ಉಳಿಯುವುದೇ ಇಲ್ಲ. 90ರ ತನಕ ಕಾಯದೆ 75ರಲ್ಲೇ ಹೊರಟು ಕುಣಿಗಲ್ ಹತ್ತಿರ ಇನ್ನೊಮ್ಮೆ ನಿಂತರೆ? ಅಲ್ಲಿಗೆ ತಲುಪುವಾಗ 29 ಉಳಿದಿರುತ್ತದೆ, ಕರ್ವ್‌ನ ಒಳ್ಳೆಯ ಭಾಗ. ಬೇಕಾದ 15 ಪರ್ಸೆಂಟ್ ಎಂಟೂವರೆ ನಿಮಿಷದಲ್ಲಿ ತುಂಬುತ್ತದೆ. ಆದರೆ ಹೆದ್ದಾರಿ ಬಿಟ್ಟು ಇಳಿಯುವುದು, ಆ್ಯಪ್ ತೆರೆಯುವುದು, ಚಾರ್ಜರ್ ಮತ್ತು ಕಾರು ಮಾತಾಡಿಕೊಂಡು ಶುರುವಾಗುವುದು, ಇವಕ್ಕೆ ಹತ್ತು ನಿಮಿಷ ಬೇಕು. ಹೆಚ್ಚುಕಡಿಮೆ ಸರಿಸಮ. ಹಾಗಾಗಿ ಪ್ರತಿ ಸಲವೂ ಎರಡು ಚಿಕ್ಕ ನಿಲುಗಡೆ ಒಂದು ದೊಡ್ಡದಕ್ಕಿಂತ ಮೇಲು ಎಂದು ಕಣ್ಣು ಮುಚ್ಚಿ ಹೇಳಲಾಗದು. ಕೊನೆಯ ಹತ್ತು ಪರ್ಸೆಂಟಿಗೆ ಕೈ ಹಾಕಬೇಕಾದ ಪ್ರಸಂಗ ಬಂದರೆ ಮಾತ್ರ ಅನುಮಾನವೇ ಬೇಡ, ಎರಡನೆಯ ನಿಲುಗಡೆಯೇ ಸರಿ.

ಉಡುಪಿಯಿಂದ ಹೊರಡುವವರಿಗೆ ಇದೇ ಲೆಕ್ಕ ಇನ್ನೊಂದು ಪ್ರಶ್ನೆ ಒಡ್ಡುತ್ತದೆ. ಮಂಗಳೂರಿಗೆ 60 ಕಿಲೋಮೀಟರ್ ಹೆಚ್ಚಿಗೆ, ಇಂಥದೇ ಕಾರಿನಲ್ಲಿ ಹಾಸನ ತಲುಪುವಾಗ 12 ಪರ್ಸೆಂಟ್. ಚಾರ್ಜರ್ ದೃಷ್ಟಿಯಿಂದ ಅದು ಒಳ್ಳೆಯ ಜಾಗವೇ, 12ರಿಂದ 74ಕ್ಕೆ 38 ನಿಮಿಷ ಸಾಕು. ಸಕಲೇಶಪುರದಲ್ಲೇ 26 ಇರುವಾಗ ನಿಂತರೆ ಬೆಂಗಳೂರು ಇನ್ನೂ ದೂರ, 87ರ ತನಕ ತುಂಬಿಸಬೇಕು, ಎಂಬತ್ತರ ಮೇಲೆ ಕಾಯಬೇಕು, ಒಟ್ಟು 48 ನಿಮಿಷ. ಬೇಸಗೆಯಲ್ಲಿ ನಾನು ಹಾಸನವನ್ನೇ ಆರಿಸುತ್ತೇನೆ. ಮಳೆಗಾಲದಲ್ಲಿ ಹತ್ತು ನಿಮಿಷ ಹೋದರೂ ಸಕಲೇಶಪುರವೇ ಲೇಸು. ಜೋರು ಮಳೆಗೆ ಶಿರಾಡಿಯಲ್ಲಿ ಮಣ್ಣು ಜರಿದರೆ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲಬೇಕು, ಇಲ್ಲವೇ ವಾಪಸ್ ತಿರುಗಿ ಚಾರ್ಮಾಡಿಯನ್ನೋ ಸಂಪಾಜೆಯನ್ನೋ ಹಿಡಿಯಬೇಕು. ಆಗ ಬೇಕಾಗುವುದು ಕೈಯಲ್ಲಿ ಉಳಿದ ಪರ್ಸೆಂಟ್. ಮಂಗಳೂರಿನಲ್ಲಿ 80 ಇರುವಾಗಲೇ ಒಂದು ಸಲ ತುಂಬಿಸಿಕೊಳ್ಳೋಣ ಎನ್ನುವವರನ್ನೂ ಕಂಡಿದ್ದೇನೆ. ಅದು ಬಸ್ಸು ತುಂಬಿರುವಾಗ ಹತ್ತಲು ಹೋದಂತೆ, ಕರ್ವ್‌ನ ಅತಿ ಕೆಟ್ಟ ಭಾಗಕ್ಕೆ ಬೇಕೆಂದೇ ಹೋಗಿ ನಿಂತದ್ದು.

ಇಷ್ಟೆಲ್ಲ ಲೆಕ್ಕ ಹಾಕಿ ಹೋದರೂ ಕೆಲವೊಮ್ಮೆ 35 ಪರ್ಸೆಂಟಿನಲ್ಲೇ ಚಾರ್ಜಿಂಗ್ ನಿಧಾನ ಇರುತ್ತದೆ. ಆಗ ತಪ್ಪು ಎಲ್ಲಿದೆ ಎಂದು ಪರದೆ ನೋಡಿಯೇ ಹೇಳಬಹುದು. ಬಹುತೇಕ ಚಾರ್ಜರ್‌ಗಳು ಕಿಲೋವ್ಯಾಟ್ ಜೊತೆ ವೋಲ್ಟ್ ಮತ್ತು ಆಂಪಿಯರ್ ತೋರಿಸುತ್ತವೆ. ನೋಡಬೇಕಾದದ್ದು ಆಂಪಿಯರ್.

ಆಂಪಿಯರ್ ಒಂದೇ ಅಂಕಿಯಲ್ಲಿ, ಉದಾಹರಣೆಗೆ 100ರಲ್ಲಿ, ಕದಲದೆ ನಿಂತಿದ್ದು, ವೋಲ್ಟ್ ಏರಿದಂತೆ ಕಿಲೋವ್ಯಾಟ್ ಚೂರು ಚೂರೇ ಏರುತ್ತಿದ್ದರೆ ಅದು ಚಾರ್ಜರ್‌ನ ಮಿತಿ. ಬ್ಯಾಟರಿ 330 ವೋಲ್ಟಿನಲ್ಲಿದ್ದರೆ 100 ಆಂಪಿಯರಿಗೆ 33 ಕಿಲೋವ್ಯಾಟ್ ಮಾತ್ರ ಆಗುತ್ತದೆ, ಬೋರ್ಡಿನ ಮೇಲೆ 60 ಎಂದು ಬರೆದಿದ್ದರೂ ಸರಿ. ಪಕ್ಕದ ಗನ್ನಿಗೆ ಇನ್ನೊಂದು ಕಾರು ಬಂದ ಕ್ಷಣವೇ ಆಂಪಿಯರ್ ಅರ್ಧಕ್ಕೆ ಬಿದ್ದರೆ ಎರಡು ಗನ್ನುಗಳು ಒಂದೇ ಚಾರ್ಜರ್‌ನ ಶಕ್ತಿಯನ್ನು ಹಂಚಿಕೊಳ್ಳುತ್ತಿವೆ. ಬೇರೆ ಚಾರ್ಜರ್ ಖಾಲಿ ಇದ್ದರೆ ಬದಲಾಯಿಸುವುದು ಒಳ್ಳೆಯದು. ನಿಮ್ಮ ಚೀಟಿಯಲ್ಲಿ ಬರೆದ ಪರ್ಸೆಂಟುಗಳಲ್ಲೇ ಆಂಪಿಯರ್ ಮೆಟ್ಟಿಲಿನಂತೆ ಇಳಿದರೆ ಅದು ಕಾರಿನ ಸಹಜ ಕರ್ವ್, ಏನೂ ಮಾಡಬೇಕಾದದ್ದಿಲ್ಲ.

ಇವು ಯಾವುದೂ ಅಲ್ಲದೆ, ಕಡಿಮೆ ಪರ್ಸೆಂಟಿನಲ್ಲೇ ಆಂಪಿಯರ್ ಇಳಿಯುತ್ತಿದ್ದು ಬಾನೆಟ್ ಒಳಗೆ ಫ್ಯಾನ್ ಜೋರಾಗಿ ಗುಂಯ್‌ಗುಡುತ್ತಿದ್ದರೆ, ಬ್ಯಾಟರಿ ಬಿಸಿಯಾಗಿದೆ. ಎಪ್ರಿಲ್‌ನ ಮಧ್ಯಾಹ್ನ ಕರಾವಳಿಯ ಸೆಕೆಯಲ್ಲಿ ಹೊರಟು, ಐದು ಜನರನ್ನು ಹೊತ್ತು ಘಾಟಿ ಹತ್ತಿದ ಬ್ಯಾಟರಿ ಆಗಲೇ ಕಾದಿರುತ್ತದೆ. ಕರೆಂಟ್ ಎರಡು ಪಟ್ಟಾದರೆ ಒಳಗೆ ಹುಟ್ಟುವ ಬಿಸಿ ನಾಲ್ಕು ಪಟ್ಟು. ಅದರ ಮೇಲೆ ಮತ್ತೆ ಫಾಸ್ಟ್ ಚಾರ್ಜಿಂಗ್ ಎಂದರೆ ಕಾರು ತನ್ನನ್ನು ತಾನೇ ತಡೆದುಕೊಳ್ಳುತ್ತದೆ. ಕೊನೆಯ ಏರಿನಲ್ಲಿ ವೇಗ ತಗ್ಗಿಸಿ, ಸಕಲೇಶಪುರದಿಂದ ಹಾಸನದ ತನಕ ಹಗುರವಾಗಿ ಓಡಿಸಿದರೆ ಆ 40 ಕಿಲೋಮೀಟರಿನಲ್ಲಿ ಬ್ಯಾಟರಿ ತಣಿಯುತ್ತದೆ. ಘಾಟಿ ಹತ್ತಿದ ಕೂಡಲೇ ಗನ್ ಸಿಕ್ಕಿಸುವುದಕ್ಕಿಂತ ಹಾಸನದಲ್ಲಿ ನಿಲ್ಲುವುದು ನನಗೆ ಇಷ್ಟವಾಗಲು ಇದೂ ಒಂದು ಕಾರಣ.

ಎಂಬತ್ತರ ಮೇಲೆ ಕಾಯುವುದು ಸರಿಯಾಗುವ ಸಂದರ್ಭಗಳೂ ಇವೆ. ಮುಂದಿನ ಸ್ಟೇಷನ್ ನಡೆಯುತ್ತಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ, ತಲುಪುವ ಊರಿನಲ್ಲಿ ಚಾರ್ಜಿಂಗ್ ವ್ಯವಸ್ಥೆ ಇಲ್ಲದಿದ್ದರೆ, ಅಥವಾ ಊಟಕ್ಕೆ ಹೇಗೂ ಒಂದು ಗಂಟೆ ಕೂರುವವರಿದ್ದು ಹಿಂದೆ ಯಾರೂ ಇಲ್ಲದಿದ್ದರೆ. ಎಲ್‌ಎಫ್‌ಪಿ ಬ್ಯಾಟರಿಯವರು ಆಗಾಗ ನೂರು ತುಂಬಿಸಬೇಕು ಎಂದು ಕಾರಿನ ಕೈಪಿಡಿಯಲ್ಲೇ ಇರುತ್ತದೆ. ಅದರ ವೋಲ್ಟೇಜ್ ಸಮತಟ್ಟಾಗಿರುವುದರಿಂದ ನಡುವಿನ ಪರ್ಸೆಂಟನ್ನು ಅಳೆಯುವುದು ಬಿಎಂಎಸ್‌ಗೆ ಕಷ್ಟ, ನೂರು ಮುಟ್ಟಿದಾಗ ಅದು ತನ್ನ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತದೆ. ಅದನ್ನು ಮನೆಯಲ್ಲಿ ರಾತ್ರಿ ಮಾಡಿ.

ವಾಪಸ್ ಬರುವಾಗ ಇದೇ ಕರ್ವ್ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಸಕಲೇಶಪುರದ ಹೋಂಸ್ಟೇಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ನೂರು ತುಂಬಿದ ಬ್ಯಾಟರಿಯೊಂದಿಗೆ ಹೊರಟೆವು ಎಂದಿಟ್ಟುಕೊಳ್ಳಿ. ಸ್ವಲ್ಪ ದೂರದಲ್ಲೇ ದೋಣಿಗಾಲ್, ಅಲ್ಲಿಂದ ಇಳಿಜಾರು. ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರ್ ಜನರೇಟರ್ ಆಗಿ ಕಾರನ್ನು ಹಿಡಿದು ನಿಲ್ಲಿಸುತ್ತದೆ, ಹುಟ್ಟಿದ ಕರೆಂಟ್ ಬ್ಯಾಟರಿಗೆ ಹೋಗುತ್ತದೆ. ಬ್ಯಾಟರಿಯ ಮಟ್ಟಿಗೆ ಇದೂ ಚಾರ್ಜಿಂಗೇ. ತುಂಬಿದ ಬ್ಯಾಟರಿ ಫಾಸ್ಟ್ ಚಾರ್ಜರ್‌ನಿಂದ 5 ಕಿಲೋವ್ಯಾಟ್ ಮಾತ್ರ ತೆಗೆದುಕೊಳ್ಳುವ ಹಾಗೆಯೇ ಇಳಿಜಾರಿನಿಂದಲೂ ಅಷ್ಟೇ ತೆಗೆದುಕೊಳ್ಳುತ್ತದೆ. ಅಭ್ಯಾಸದಂತೆ ಕಾಲು ತೆಗೆದರೆ ಕಾರು ನಿಧಾನವಾಗದೆ ಜಾರುತ್ತದೆ, ತಿರುವಿನಲ್ಲಿ ಪೂರ್ತಿ ಬ್ರೇಕನ್ನೇ ನಂಬಬೇಕಾಗುತ್ತದೆ.

ಸಕಲೇಶಪುರದಿಂದ ಮಂಗಳೂರಿಗೆ 130 ಕಿಲೋಮೀಟರ್. ಹತ್ತೊಂಬತ್ತೂವರೆ ಯೂನಿಟ್ ಬೇಕು, ಇಳಿಯುವಾಗ ಎರಡೂವರೆ ಯೂನಿಟ್‌ನಷ್ಟು ವಾಪಸ್ ಸಿಗುತ್ತದೆ, ಉಳಿದದ್ದು 17, ಅಂದರೆ 38 ಪರ್ಸೆಂಟ್. ಅರುವತ್ತರಲ್ಲಿ ಹೊರಟರೂ ಧಾರಾಳ. ಹೋಂಸ್ಟೇಯ ಪ್ಲಗ್ಗಿಗೆ ಹಾಕುವಾಗ ನಾನು ಕಾರಿನ ಸೆಟ್ಟಿಂಗ್‌ನಲ್ಲಿ ಮಿತಿಯನ್ನು 80ಕ್ಕೆ ಇಟ್ಟು ಮಲಗುತ್ತೇನೆ.